ಎರಡು ಬೆಲ್, ನಡುವೆ 62 ಸೆಕೆಂಡ್: ಒಂದು ಶಾಲೆಯ ಗಡಿಯಾರಗಳ ಪ್ರಕರಣ

ರಾಯಚೂರು ಜಿಲ್ಲೆಯ ಒಂದು ಹೈಸ್ಕೂಲಿಗೆ ನಾನು ಜನವರಿ ಕೊನೆಯಲ್ಲಿ ಎರಡು ಬೆಲ್ ಪೆಟ್ಟಿಗೆ ಮಾಡಿಕೊಟ್ಟೆ. ಶಾಲೆಗೆ ಎರಡು ಕಟ್ಟಡ. ಹಳೆಯದಕ್ಕೆ ದಪ್ಪ ಕಲ್ಲಿನ ಗೋಡೆ, ಮೇಲೆ ಹೆಂಚು. ಹೊಸದು ಆರ್‌ಸಿಸಿ. ನಡುವೆ ದೊಡ್ಡ ಮೈದಾನ ಇರೋದರಿಂದ ವೈರ್ ಎಳೆಯುವುದು ಬೇಡ ಅಂತ ಕಟ್ಟಡಕ್ಕೊಂದು ಪೆಟ್ಟಿಗೆ ಇಟ್ಟೆವು. ಎರಡರ ಒಳಗೂ ಒಂದೇ ಸರ್ಕ್ಯೂಟ್, ಒಂದೇ ಪ್ರೋಗ್ರಾಮ್. ಸಮಯ ಇಟ್ಟುಕೊಳ್ಳುವ ಚಿಪ್ ಡಿಎಸ್1307, ಅದರ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಒಂದು ಕ್ರಿಸ್ಟಲ್. ಕ್ರಿಸ್ಟಲ್‌ಗಳನ್ನೂ ಒಂದೇ ಪ್ಯಾಕೆಟ್‌ನಿಂದ ತೆಗೆದಿದ್ದೆ. ಫೆಬ್ರವರಿ 3ರ ಬೆಳಿಗ್ಗೆ ಎರಡರಲ್ಲೂ ಒಂದೇ ಸಮಯ ಇಟ್ಟು, ಮೈದಾನದ ಮಧ್ಯೆ ನಿಂತು ಕೇಳಿದೆ. ಎರಡೂ ಬೆಲ್ ಒಟ್ಟಿಗೆ ಹೊಡೆದವು.

ತಿಂಗಳು ತುಂಬುವ ಮೊದಲೇ ಹೆಡ್‌ಮಾಸ್ಟರ್ ಫೋನ್ ಮಾಡಿದರು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿತ್ತು. ಹಳೆಯ ಕಟ್ಟಡದಲ್ಲಿ ಬೆಲ್ ಹೊಡೆದ ಕೂಡಲೇ ಉತ್ತರ ಪತ್ರಿಕೆ ತೆಗೆದುಕೊಂಡಿದ್ದಾರೆ, ಹೊಸ ಕಟ್ಟಡದ ಮಕ್ಕಳು ಇನ್ನೂ ಬರೆಯುತ್ತಲೇ ಇದ್ದಾರೆ. ಒಬ್ಬ ಹುಡುಗಿ ಕೊನೆಯ ಲೆಕ್ಕದ ಉತ್ತರ ಬರೆಯಲು ಆಗಲಿಲ್ಲ ಅಂತ ಅಳುತ್ತಾ ಹೊರಗೆ ಬಂದಿದ್ದಾಳೆ. "ಸರ್, ಆ ಕಡೆ ಬೆಲ್ ಹೊಡದು ಒಂದ್ ನಿಮಿಷ ಆದ ಮ್ಯಾಲ ಈ ಕಡೆ ಹೊಡಿತದ್ರೀ. ಯಾವ್ದು ಖರೇ?" ಅಂತ ಅವರು ಕೇಳಿದರು. ಆ ಹುಡುಗಿಯ ವಿಷಯ ಕೇಳಿ ನನಗೆ ತುಂಬಾ ಬೇಸರವಾಯ್ತು. ಮಾರ್ಚ್ 3ಕ್ಕೆ ಅಲ್ಲಿಗೆ ಹೋದೆ.

ಮೊದಲು ಎರಡೂ ಪೆಟ್ಟಿಗೆಗಳ ಸಮಯವನ್ನು ಸರಿಯಾದ ಸಮಯದ ಜೊತೆ ಹೋಲಿಸಿದೆ. ಲ್ಯಾಪ್‌ಟಾಪ್ ಗಡಿಯಾರವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಟೈಮ್ ಸರ್ವರ್ `time.nplindia.org` ಜೊತೆ ಹೊಂದಿಸಿ, ಪಕ್ಕದಲ್ಲಿ ಇಟ್ಟು ನೋಡಿದೆ. ಹಳೆಯ ಕಟ್ಟಡದ ಪೆಟ್ಟಿಗೆ 21 ಸೆಕೆಂಡ್ ಮುಂದೆ. ಹೊಸ ಕಟ್ಟಡದ್ದು 41 ಸೆಕೆಂಡ್ ಹಿಂದೆ. ಅಂದರೆ ಹೆಡ್‌ಮಾಸ್ಟರ್ ಪ್ರಶ್ನೆಗೆ ಉತ್ತರ: ಎರಡೂ ಖರೇ ಅಲ್ಲ. ಒಂದು ಮುಂದಕ್ಕೆ ಓಡಿದೆ, ಇನ್ನೊಂದು ಹಿಂದಕ್ಕೆ ಬಿದ್ದಿದೆ, ಎರಡೂ ಸೇರಿ 62 ಸೆಕೆಂಡ್ ಅಂತರ ಆಗಿದೆ.

ಇಂಥ ಕಡೆ ಎಲ್ಲರ ಬಾಯಲ್ಲಿ ಮೊದಲು ಬರೋದು ಬ್ಯಾಟರಿ ಅಥವಾ ಕರೆಂಟ್. ಅಟೆಂಡರ್ ಅಣ್ಣನೂ ಅದನ್ನೇ ಹೇಳಿದರು: "ಇಲ್ಲಿ ದಿನಾ ಕರೆಂಟ್ ಹೋಗ್ತದ್ರೀ, ಅದಕ್ಕೇ ಹಿಂದ ಬೀಳ್ತದ." ಹಾಗೆ ಆಗೋದಿಲ್ಲ ಅಂತ ಸುಮ್ನೆ ವಾದ ಮಾಡುವ ಅಗತ್ಯ ಬರಲಿಲ್ಲ, ಯಾಕಂದ್ರೆ ವಿಜ್ಞಾನದ ಮೇಡಂ ಒಂದು ಒಳ್ಳೆ ಕೆಲಸ ಮಾಡಿದ್ದರು. ಅವರಿಗೆ ಮೊದಲ ವಾರದಲ್ಲೇ ಎರಡು ಬೆಲ್ ಬೇರೆ ಬೇರೆ ಕೇಳಿಸಿತ್ತು. ಸ್ಟಾಪ್‌ವಾಚ್ ಹಿಡಿದು ಅಂತರವನ್ನು ಡೈರಿಯಲ್ಲಿ ಬರೆದಿಟ್ಟಿದ್ದರು. ಫೆಬ್ರವರಿ 7ಕ್ಕೆ, ಅಂದರೆ ನಾಲ್ಕನೇ ದಿನಕ್ಕೆ, 8 ಸೆಕೆಂಡ್. ಫೆಬ್ರವರಿ 17ಕ್ಕೆ 30 ಸೆಕೆಂಡ್. ನಾನು ಹೋದ ದಿನ, 28 ದಿನಕ್ಕೆ, 62.

ಈ ಮೂರು ಅಂಕಿಗಳೇ ರೋಗ ಯಾವುದು ಅಂತ ಹೇಳಿಬಿಡುತ್ತವೆ. ಕರೆಂಟ್ ಹೋಗಿ ಚಿಪ್ ನಿಂತಿದ್ದರೆ, ಅಥವಾ ಪ್ರೋಗ್ರಾಮ್ ತಪ್ಪಾಗಿ ಸಮಯವನ್ನು ಮತ್ತೆ ಬರೆದಿದ್ದರೆ, ಅಂತರ ಒಂದೇ ಸಲಕ್ಕೆ ಜಿಗಿಯಬೇಕು. ಹತ್ತು ದಿನ ಏನೂ ಇಲ್ಲ, ಒಂದು ದಿನ ಇದ್ದಕ್ಕಿದ್ದಂತೆ ಅರ್ಧ ನಿಮಿಷ, ಹಾಗೆ. ಇಲ್ಲಿ ಜಿಗಿತ ಇಲ್ಲ. ದಿನಕ್ಕೆ ಎರಡು ಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ, ಸೋರುವ ನಲ್ಲಿಯ ಹಾಗೆ ಒಂದೇ ಸಮನೆ. ಕಾಗದದ ಮೇಲೆ ಚುಕ್ಕೆ ಇಟ್ಟರೆ ಹೆಚ್ಚು ಕಡಿಮೆ ನೇರ ಗೆರೆ ಬರುತ್ತದೆ. ನೇರ ಗೆರೆ ಬಂದರೆ ತಪ್ಪು ಇರುವುದು ಗಡಿಯಾರದ ವೇಗದಲ್ಲಿ, ಅಂದರೆ ಕ್ರಿಸ್ಟಲ್‌ನಲ್ಲಿ. ಇಷ್ಟು ತಿಳಿಯಲು ಯಾವ ಉಪಕರಣವೂ ಬೇಡ, ಮೂರು ದಿನಾಂಕ ಮತ್ತು ಮೂರು ಅಂಕಿ ಸಾಕು.

ವೇಗದ ತಪ್ಪನ್ನು ಅಳೆಯುವುದು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಅಂತ. ಈ ಲೆಕ್ಕವನ್ನು ಲಕ್ಷದಲ್ಲಿ ಎಣಿಸುವ ನಮಗೆ ಮನಸ್ಸಿಗೆ ತಂದುಕೊಳ್ಳುವುದು ಸುಲಭ. ಹತ್ತು ಲಕ್ಷ ಸೆಕೆಂಡ್ ಅಂದರೆ ಸುಮಾರು ಹನ್ನೊಂದೂವರೆ ದಿನ. ಆದ್ದರಿಂದ 1 ಪಿಪಿಎಂ ತಪ್ಪಿರುವ ಗಡಿಯಾರ ಹನ್ನೊಂದೂವರೆ ದಿನಕ್ಕೆ ಒಂದು ಸೆಕೆಂಡ್ ತಪ್ಪುತ್ತದೆ, 20 ಪಿಪಿಎಂ ತಪ್ಪಿರುವುದು ಅಷ್ಟೇ ದಿನಕ್ಕೆ 20 ಸೆಕೆಂಡ್. ತಿಂಗಳ ಲೆಕ್ಕದಲ್ಲಿ 20 ಪಿಪಿಎಂ ಅಂದರೆ 52 ಸೆಕೆಂಡ್, ವರ್ಷಕ್ಕೆ ಹತ್ತೂವರೆ ನಿಮಿಷ. ನಾವು ನೋಡಿದ ಅಂತರದಿಂದ ಪಿಪಿಎಂ ತೆಗೆಯುವುದು ಹೀಗೆ:

```
ppm = seconds_off / (days * 86400) * 1000000
62 / (28 * 86400) * 1000000 = 25.6
```

ಎರಡು ಪೆಟ್ಟಿಗೆಗಳ ನಡುವೆ 25.6 ಪಿಪಿಎಂ. ಬೇರೆ ಬೇರೆಯಾಗಿ ನೋಡಿದರೆ ಹಳೆಯ ಕಟ್ಟಡದ್ದು ಸುಮಾರು 8.7 ಪಿಪಿಎಂ ಜೋರು, ಹೊಸದು ಸುಮಾರು 17 ಪಿಪಿಎಂ ನಿಧಾನ.

ಇಲ್ಲಿ ಒಂದು ಮಾತು ಗಮನಿಸಿ. ನಾನು ಹಾಕಿದ ಕ್ರಿಸ್ಟಲ್‌ನ ಡೇಟಾಶೀಟ್‌ನಲ್ಲಿ "25 ಡಿಗ್ರಿಯಲ್ಲಿ ±20 ಪಿಪಿಎಂ" ಅಂತ ಬರೆದಿದೆ. ಎರಡೂ ಕ್ರಿಸ್ಟಲ್ ಆ ಮಿತಿಯ ಒಳಗೇ ಇವೆ. ಯಾವುದೂ ಕೆಟ್ಟಿಲ್ಲ. ಆದರೆ ± ಅನ್ನುವ ಗುರುತು ಎರಡು ಗಡಿಯಾರ ಪಕ್ಕಪಕ್ಕ ಇರುವಾಗ ಬೇರೆಯೇ ಅರ್ಥ ಕೊಡುತ್ತದೆ. ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ ಹೋದರೆ ಅಂತರ 40 ಪಿಪಿಎಂ, ದಿನಕ್ಕೆ ಸುಮಾರು ಮೂರೂವರೆ ಸೆಕೆಂಡ್. ಒಂದೇ ಗಡಿಯಾರ ಇದ್ದಿದ್ದರೆ ತಿಂಗಳಿಗೆ 21 ಸೆಕೆಂಡ್ ಮುಂದೆ ಹೋದದ್ದು ಆ ಶಾಲೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ಬೆಲ್ ಕೇಳಿಸುವಷ್ಟು ಹತ್ತಿರ ಇದ್ದದ್ದರಿಂದ ನಾಲ್ಕೇ ದಿನಕ್ಕೆ ಕಿವಿಗೆ ಬಿತ್ತು.

ಈಗ ಕ್ರಿಸ್ಟಲ್ ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. ಆ ಪುಟ್ಟ ಡಬ್ಬಿಯೊಳಗೆ ಬೆಣಚುಕಲ್ಲಿನ ಒಂದು ಚೂರು ಇದೆ, ಲ್ಯಾಬ್‌ನಲ್ಲಿ ನಾದ ಬರಿಸುವ ಶ್ರುತಿಕವೆಯ ಆಕಾರದ್ದು. ಅದು ಸೆಕೆಂಡಿಗೆ 32,768 ಸಲ ನಡುಗುವಂತೆ ಕತ್ತರಿಸಿರುತ್ತಾರೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ 1 ಬರುತ್ತದೆ, ಅದಕ್ಕೇ ಈ ಸಂಖ್ಯೆ. ಚಿಪ್ ಮಾಡುವ ಕೆಲಸ ಎಣಿಸೋದಷ್ಟೇ. 32,768 ಎಣಿಸಿದ ಕೂಡಲೇ ಒಂದು ಸೆಕೆಂಡ್ ಆಯ್ತು ಅನ್ನುತ್ತದೆ. ಹೊರಗೆ ನಿಜವಾಗಿ ಎಷ್ಟು ಹೊತ್ತು ಕಳೆಯಿತು ಅಂತ ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಹೊಸ ಕಟ್ಟಡದ ಕ್ರಿಸ್ಟಲ್ 17 ಪಿಪಿಎಂ ನಿಧಾನ ಅಂದೆ ಅಲ್ವಾ. 32,768ಕ್ಕೆ 17 ಪಿಪಿಎಂ ಅಂದರೆ ಅರ್ಧ ಕಂಪನಕ್ಕಿಂತ ಒಂಚೂರು ಜಾಸ್ತಿ. ಅಂದರೆ ಒಂದು ಸೆಕೆಂಡಿನಲ್ಲಿ ಅದು ಮೂವತ್ತೆರಡು ಸಾವಿರ ಚಿಲ್ಲರೆ ಕಂಪನ ಮಾಡಿ ಅರ್ಧ ಕಂಪನ ಮಾತ್ರ ಬಾಕಿ ಉಳಿಸಿಕೊಳ್ಳುತ್ತದೆ. ಇದನ್ನು ಯಾವ ಕಣ್ಣೂ ಹಿಡಿಯಲ್ಲ. ಆದರೆ ಆ ಬಾಕಿ ತೀರುವುದೂ ಇಲ್ಲ. ದಿನಕ್ಕೆ 86,400 ಸೆಕೆಂಡ್ ಇವೆ, ಪ್ರತಿ ಸೆಕೆಂಡಿಗೂ ಅರ್ಧ ಕಂಪನ ಸೇರುತ್ತಾ ಹೋಗಿ ರಾತ್ರಿಯೊಳಗೆ ಸುಮಾರು 48,000 ಕಂಪನ ಬಾಕಿ ಬಿದ್ದಿರುತ್ತದೆ, ಅದು ಒಂದೂವರೆ ಸೆಕೆಂಡಿಗೆ ಸಮ. ಮರುದಿನ ಇನ್ನೊಂದು ಒಂದೂವರೆ. ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ಆಗಿ ತಾನಾಗಿ ಸರಿಹೋಗುತ್ತದೆ ಅಂತ ಇಲ್ಲ, ಯಾಕಂದ್ರೆ ತಪ್ಪು ಯಾವಾಗಲೂ ಒಂದೇ ಕಡೆಗೆ.

ಆದರೆ 17 ಅನ್ನುವುದು ಕ್ರಿಸ್ಟಲ್‌ನ ಹುಟ್ಟುಗುಣವೋ ಅಥವಾ ಅದನ್ನು ಇಟ್ಟ ಜಾಗದ ಕಾಣಿಕೆಯೋ? ಹೊಸ ಕಟ್ಟಡದ ಪೆಟ್ಟಿಗೆಯನ್ನು ನಾವು ಪಶ್ಚಿಮದ ಹೊರಗೋಡೆಗೆ ಹಾಕಿದ್ದೆವು. ಕಬ್ಬಿಣದ ಪೆಟ್ಟಿಗೆ, ಕಡು ಹಸಿರು ಬಣ್ಣ. ಮಧ್ಯಾಹ್ನದ ನಂತರ ಸೂರ್ಯ ನೇರ ಅದರ ಮೇಲೆ. ಮುಟ್ಟಿದರೆ ಕೈ ಸುಡುತ್ತಿತ್ತು. ಇದನ್ನು ಬಿಡಿಸಿ ನೋಡದೆ ಪರಿಹಾರ ಮಾಡಲು ನನಗೆ ಮನಸ್ಸಿರಲಿಲ್ಲ.

ಅದಕ್ಕೆ ಎರಡೂ ಬೋರ್ಡ್‌ಗಳನ್ನು ಬಿಚ್ಚಿ ತಂಪಾದ ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟೆ. ಅಳೆಯುವಾಗ ಒಂದು ಎಚ್ಚರಿಕೆ ಬೇಕು. ಕ್ರಿಸ್ಟಲ್‌ನ ಕಾಲಿಗೆ ಆಸಿಲೋಸ್ಕೋಪ್ ಪ್ರೋಬ್ ಹಚ್ಚಬಾರದು. ಪ್ರೋಬ್‌ಗೇ ಹತ್ತು ಪಿಕೋಫ್ಯಾರಡ್ ಆಸುಪಾಸು ಕೆಪ್ಯಾಸಿಟೆನ್ಸ್ ಇರುತ್ತದೆ, ಅದು ಸೇರಿಕೊಂಡರೆ ಕಂಪನ ಬದಲಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ನಾವು ಅಳೆಯಲು ಹೋದ ತಪ್ಪನ್ನು ನಾವೇ ಹುಟ್ಟಿಸಿದ ಹಾಗೆ. ಬದಲಿಗೆ ಡಿಎಸ್1307ರ ಎಸ್‌ಕ್ಯೂಡಬ್ಲ್ಯೂ ಪಿನ್‌ನಿಂದ ಸೆಕೆಂಡಿಗೊಂದು ಪಲ್ಸ್ ತೆಗೆಯಬಹುದು. ಆ ಪಿನ್ ತಾನಾಗಿ ಮೇಲೆ ಏರುವುದಿಲ್ಲ, ಹತ್ತು ಕಿಲೋ ಓಮ್‌ನ ಒಂದು ಪುಲ್‌ಅಪ್ ರೆಸಿಸ್ಟರ್ ಹಾಕಬೇಕು. ಇದರ ಎದುರಿಗೆ ಜಿಪಿಎಸ್ ಮಾಡ್ಯೂಲ್ ಕೊಡುವ ಸೆಕೆಂಡಿಗೊಂದು ಪಲ್ಸ್ ಇಟ್ಟುಕೊಂಡರೆ ಆಯ್ತು. ಜಿಪಿಎಸ್ ಪಲ್ಸ್‌ನ ತಪ್ಪು ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ, ನಮ್ಮ ಕೆಲಸಕ್ಕೆ ಅದೇ ಸತ್ಯ.

ವಿಧಾನ ಸರಳ. ಜಿಪಿಎಸ್ ಪಲ್ಸ್ ಬಂದ ಎಷ್ಟು ಹೊತ್ತಿಗೆ ನಮ್ಮ ಪಲ್ಸ್ ಬರುತ್ತದೆ ಅಂತ ನೋಡು. ಸಾವಿರ ಸೆಕೆಂಡ್ ಬಿಟ್ಟು ಮತ್ತೆ ನೋಡು. ಸಾವಿರ ಸೆಕೆಂಡಿನಲ್ಲಿ ಒಂದು ಮಿಲಿಸೆಕೆಂಡ್ ಸರಿದರೆ ಅದೇ 1 ಪಿಪಿಎಂ, ಬೇರೆ ಲೆಕ್ಕವೇ ಬೇಡ. ಹೊಸ ಕಟ್ಟಡದ ಬೋರ್ಡ್‌ನಲ್ಲಿ ಶುರುವಿನಲ್ಲಿ 212 ಮಿಲಿಸೆಕೆಂಡ್ ಇತ್ತು, ಹದಿನೇಳು ನಿಮಿಷ ಚಹಾ ಕುಡಿದು ಬಂದು ನೋಡಿದರೆ 223. ಹನ್ನೊಂದು ಮಿಲಿಸೆಕೆಂಡ್ ತಡ, ಅಂದರೆ 11 ಪಿಪಿಎಂ ನಿಧಾನ. ಹಳೆಯ ಕಟ್ಟಡದ ಬೋರ್ಡ್ ಅಷ್ಟೇ ಹೊತ್ತಿನಲ್ಲಿ 9 ಮಿಲಿಸೆಕೆಂಡ್ ಮುಂದೆ ಬಂದಿತ್ತು.

ಹಳೆಯ ಕಟ್ಟಡದ್ದು ಮೇಜಿನ ಮೇಲೆ 9, ಗೋಡೆಯ ಮೇಲೆ 8.7, ಹೆಚ್ಚು ಕಡಿಮೆ ಒಂದೇ. ಹೊಸದು ಮೇಜಿನ ಮೇಲೆ 11, ಆದರೆ ಗೋಡೆಯ ಮೇಲೆ 17. ಮಧ್ಯೆ 6 ಪಿಪಿಎಂ ಎಲ್ಲಿಂದ ಬಂತು? ಬಿಸಿಲಿನಿಂದ ಅಂತ ಊಹೆ. ಆದರೆ ಊಹೆ ಸಾಲದು.

ಮೇಡಂ ಈ ಹೊತ್ತಿಗೆ ಪೂರ್ತಿ ನನ್ನ ಜೊತೆ ಕೂತಿದ್ದರು. "ಬಿಸಿಲಿಗೆ ಲೋಲಕದ ಗಡಿಯಾರ ನಿಧಾನ ಆಗ್ತದ, ಚಳಿಗೆ ಜೋರಾಗ್ತದ. ಇದೂ ಹಂಗೇ ಏನ್ರೀ?" ಅಂತ ಕೇಳಿದರು. ನನಗೆ ಆ ಪ್ರಶ್ನೆ ತುಂಬಾ ಹಿಡಿಸಿತು, ಯಾಕಂದ್ರೆ ಉತ್ತರ ಹಾಗಿಲ್ಲ. ಈ ಶ್ರುತಿಕವೆ ಕ್ರಿಸ್ಟಲ್ ಸುಮಾರು 25 ಡಿಗ್ರಿಯಲ್ಲಿ ಅತಿ ಜೋರಾಗಿ ನಡುಗುತ್ತದೆ. ಅಲ್ಲಿಂದ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಗುಡ್ಡದ ತುದಿಯಲ್ಲಿ ನಿಂತ ಹಾಗೆ, ಯಾವ ಕಡೆ ಹೆಜ್ಜೆ ಇಟ್ಟರೂ ಇಳಿಜಾರೇ. ಎಷ್ಟು ನಿಧಾನ ಅನ್ನುವುದಕ್ಕೆ ಸೂತ್ರ ಇದು:

```
ppm = -0.035 * (T - 25)^2
```

ಹೇಳಿದರೆ ಅವರು ನಂಬಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. ಬಿಸಿಯೂಟದ ಅಡುಗೆಮನೆಯಲ್ಲಿ ಒಂದು ಫ್ರಿಜ್ ಇತ್ತು. ಬೋರ್ಡ್‌ಗೆ ತೇವ ಹಿಡಿಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ವೈರ್‌ಗಳನ್ನು ಬಾಗಿಲ ರಬ್ಬರ್ ಸಂದಿಯಿಂದ ಹೊರಗೆ ತಂದು ಒಂದು ಗಂಟೆ ಬಿಟ್ಟೆವು. ಒಳಗೆ 5 ಡಿಗ್ರಿ. 25ರಿಂದ ಇಪ್ಪತ್ತು ಡಿಗ್ರಿ ಕೆಳಗೆ, ಇಪ್ಪತ್ತರ ವರ್ಗ 400, ಅದನ್ನು 0.035ರಿಂದ ಗುಣಿಸಿದರೆ 14. ಮೊದಲಿನ 11 ಸೇರಿಸಿದರೆ ಸಾವಿರ ಸೆಕೆಂಡಿಗೆ 25 ಮಿಲಿಸೆಕೆಂಡ್ ತಡ ಆಗಬೇಕು. ಆದದ್ದು 26. ಮೇಡಂ ಅದನ್ನೂ ಡೈರಿಯಲ್ಲಿ ಬರೆದುಕೊಂಡರು.

ಕೈಗಡಿಯಾರಕ್ಕೆ ಈ ಗುಣ ವರವೇ. ಕೈ ಮೇಲೆ ಕಟ್ಟಿಕೊಂಡರೆ ಮೈ ಬಿಸಿ ಅದನ್ನು ಮೂವತ್ತು ಡಿಗ್ರಿಯ ಹತ್ತಿರ ಹಿಡಿದಿಡುತ್ತದೆ, ಗುಡ್ಡದ ತುದಿಯಿಂದ ದೂರ ಹೋಗಲು ಬಿಡುವುದಿಲ್ಲ. 1969ರ ಡಿಸೆಂಬರ್ 25ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಕ್ವಾರ್ಟ್ಜ್ ಕೈಗಡಿಯಾರ, ಸೀಕೋ ಆಸ್ಟ್ರಾನ್, ತಿಂಗಳಿಗೆ 5 ಸೆಕೆಂಡ್ ತಪ್ಪಿನೊಳಗೆ ಓಡುತ್ತಿತ್ತು. ಅಂದರೆ 2 ಪಿಪಿಎಂಗಿಂತ ಕಡಿಮೆ. ರಾಯಚೂರಿನ ಪಶ್ಚಿಮದ ಗೋಡೆಗೆ ಹಾಕಿದ ಕಬ್ಬಿಣದ ಪೆಟ್ಟಿಗೆಗೆ ಆ ಅನುಕೂಲ ಎಲ್ಲಿಂದ ಬರಬೇಕು.

ಬೋರ್ಡ್‌ಗಳನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಿ, ಕ್ರಿಸ್ಟಲ್ ಪಕ್ಕದಲ್ಲಿ ಒಂದೊಂದು ಉಷ್ಣತೆಯ ಸೆನ್ಸರ್ ಅಂಟಿಸಿ, ನಾಲ್ಕು ದಿನ ದಾಖಲೆ ಮಾಡಿದೆವು. ಹಳೆಯ ಕಟ್ಟಡದ ಒಳಗೆ ಹಗಲು ರಾತ್ರಿ 24ರಿಂದ 31ರ ನಡುವೆ. ಅಲ್ಲಿ ಬಿಸಿಲಿನ ಪಾಲು ಅರ್ಧ ಪಿಪಿಎಂ ಕೂಡ ಇಲ್ಲ. ಹೊಸ ಕಟ್ಟಡದ ಪೆಟ್ಟಿಗೆಯೊಳಗೆ ರಾತ್ರಿ 27ರ ಆಸುಪಾಸು, ಬೆಳಿಗ್ಗೆ ಹತ್ತಕ್ಕೆಲ್ಲ 35, ಮಧ್ಯಾಹ್ನ 42, ಎರಡರಿಂದ ಐದರವರೆಗೆ 52, ಸಂಜೆ ಇಳಿಯುತ್ತಾ 43. ದಿನದ ಸರಾಸರಿ ತೆಗೆದರೆ 34.7 ಡಿಗ್ರಿ.

ಆ ಸರಾಸರಿಯನ್ನು ಸೂತ್ರಕ್ಕೆ ಹಾಕಿದೆ. ಬಂದದ್ದು 3.3 ಪಿಪಿಎಂ. ಬೇಕಾಗಿದ್ದದ್ದು 6. ಅರ್ಧ ಎಲ್ಲೋ ಕಾಣೆಯಾಗಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡು ಪೆಟ್ಟಿಗೆ ಇವೆ ಅಂತ ಇಟ್ಟುಕೊಳ್ಳಿ. ಒಂದು ದಿನಪೂರ್ತಿ 35 ಡಿಗ್ರಿಯಲ್ಲಿದೆ. ಇನ್ನೊಂದು ಅರ್ಧ ದಿನ 25ರಲ್ಲಿ, ಅರ್ಧ ದಿನ 45ರಲ್ಲಿ. ಎರಡರ ಸರಾಸರಿಯೂ 35. ಮೊದಲನೆಯದು 25ರಿಂದ ಹತ್ತು ಡಿಗ್ರಿ ದೂರ, ಹತ್ತರ ವರ್ಗ 100, ಅಂದರೆ 3.5 ಪಿಪಿಎಂ. ಎರಡನೆಯದು ಅರ್ಧ ದಿನ ಸೊನ್ನೆ, ಉಳಿದ ಅರ್ಧ ದಿನ ಇಪ್ಪತ್ತು ಡಿಗ್ರಿ ದೂರ, ವರ್ಗ 400, ದಿನದ ಸರಾಸರಿ 200, ಅಂದರೆ 7 ಪಿಪಿಎಂ. ಸರಾಸರಿ ಉಷ್ಣತೆ ಒಂದೇ ಆದರೂ ಎರಡನೆಯ ಗಡಿಯಾರ ಎರಡು ಪಟ್ಟು ಹಿಂದೆ ಬೀಳುತ್ತದೆ. ತಂಪು ರಾತ್ರಿ ಬಿಸಿ ಮಧ್ಯಾಹ್ನದ ಸಾಲವನ್ನು ತೀರಿಸುವುದಿಲ್ಲ, ಹೆಚ್ಚೆಂದರೆ ಹೊಸ ಸಾಲ ಮಾಡುವುದಿಲ್ಲ ಅಷ್ಟೇ.

ಹಾಗಾಗಿ ಮೊದಲು ಪ್ರತಿ ಹೊತ್ತಿನ ಪಿಪಿಎಂ ಬೇರೆ ಬೇರೆ ತೆಗೆದು, ಆಮೇಲೆ ಸರಾಸರಿ ಮಾಡಬೇಕು. ಹಾಗೆ ಮಾಡಿದಾಗ ಸರಿಯಾಗಿ 6 ಬಂತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಮಧ್ಯಾಹ್ನ ಎರಡರಿಂದ ಐದರವರೆಗಿನ ಮೂರೇ ಗಂಟೆಯದು. ಆ ಮೂರು ಗಂಟೆಯಲ್ಲಿ ಕ್ರಿಸ್ಟಲ್ ಬಿಸಿಯ ಕಾರಣಕ್ಕೇ 25 ಪಿಪಿಎಂ ನಿಧಾನ ಓಡುತ್ತಿತ್ತು, ರಾತ್ರಿ ಹನ್ನೆರಡು ಗಂಟೆಗಳಲ್ಲಿ ಬಿಸಿಯ ಪಾಲು ಹೆಚ್ಚು ಕಡಿಮೆ ಸೊನ್ನೆ. ಲೆಕ್ಕ ಕೂಡಿತು: ಹುಟ್ಟಿನಿಂದ 11, ಗೋಡೆಯಿಂದ 6, ಒಟ್ಟು 17.

ಮೇಡಂ ಡೈರಿಯಲ್ಲಿ ಇನ್ನೊಂದು ಗಮನಿಸಿದರು. ಮೊದಲ ಹದಿನಾಲ್ಕು ದಿನಕ್ಕೆ ಅಂತರ 30 ಸೆಕೆಂಡ್, ಮುಂದಿನ ಹದಿನಾಲ್ಕಕ್ಕೆ 32. ಬೇಸಿಗೆ ಏರುತ್ತಿದ್ದುದರ ಗುರುತು ಇದು ಅಂತ ಹೇಳಬೇಕು ಅನಿಸುತ್ತದೆ. ಇರಬಹುದು ಕೂಡ. ಆದರೆ ಕಿವಿಯಲ್ಲಿ ಕೇಳಿ ಸ್ಟಾಪ್‌ವಾಚ್ ಒತ್ತುವುದರಲ್ಲಿ, ಪೂರ್ಣ ಸೆಕೆಂಡಿಗೆ ಬರೆಯುವುದರಲ್ಲಿ, ಆ ಕಡೆ ಈ ಕಡೆ ಒಂದು ಸೆಕೆಂಡ್ ತಪ್ಪು ಸಹಜ. ಆದ್ದರಿಂದ ಆ ಎರಡು ಸೆಕೆಂಡಿನ ಮೇಲೆ ನಾವು ಏನನ್ನೂ ಕಟ್ಟಲಿಲ್ಲ.

ಪರಿಹಾರಕ್ಕೆ ಬಂದಾಗ ನಾನು ಮೊದಲು ಹಿಡಿದ ದಾರಿ ತಪ್ಪಿತ್ತು. ಹುಟ್ಟಿನ 11 ಪಿಪಿಎಂ ಹೋಗಲಿ ಅಂತ ಪೇಟೆಯ ಅಂಗಡಿಯಿಂದ ಬೇರೆ ಕ್ರಿಸ್ಟಲ್ ತಂದು ಹೊಸ ಕಟ್ಟಡದ ಬೋರ್ಡ್‌ಗೆ ಬೆಸುಗೆ ಹಾಕಿದೆ. ನೋಡಲು ಅದೇ ಡಬ್ಬಿ, ಅದೇ 32,768, ಅದೇ ±20 ಪಿಪಿಎಂ. ಸಂಜೆ ಏಳಕ್ಕೆ ಸಮಯ ಇಟ್ಟೆ, ಬೆಳಿಗ್ಗೆ ಏಳಕ್ಕೆ ನೋಡಿದರೆ ನಾಲ್ಕೂವರೆ ಸೆಕೆಂಡ್ ಹಿಂದೆ. ಬಿಸಿಲೇ ಇಲ್ಲದ ಹನ್ನೆರಡು ಗಂಟೆಯಲ್ಲಿ ನಾಲ್ಕೂವರೆ ಸೆಕೆಂಡ್ ಅಂದರೆ 104 ಪಿಪಿಎಂ. ಮೊದಲಿಗಿಂತ ಆರು ಪಟ್ಟು ಕೆಟ್ಟದು.

ಇಷ್ಟು ದೊಡ್ಡ ಅಂಕಿ ಕಂಡರೆ ತಕ್ಷಣ ಲೋಡ್ ಕೆಪ್ಯಾಸಿಟೆನ್ಸ್ ನೋಡಬೇಕು. ಕ್ರಿಸ್ಟಲ್ ಒಂಟಿಯಾಗಿ 32,768 ಅಲ್ಲ. ಎರಡು ಕಾಲುಗಳ ನಡುವೆ ಇಷ್ಟು ಕೆಪ್ಯಾಸಿಟೆನ್ಸ್ ಇದ್ದಾಗ ಇಷ್ಟು ಕಂಪನ ಅಂತ ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ. ಇದು ಸಾಮಾನ್ಯವಾಗಿ 12.5 ಪಿಕೋಫ್ಯಾರಡ್, ಅಥವಾ 6, 7, 9 ಕೂಡ ಇರುತ್ತದೆ. ಡಿಎಸ್1307 ತನ್ನೊಳಗೇ 12.5ಕ್ಕೆ ಬೇಕಾದ ಕೆಪ್ಯಾಸಿಟರ್ ಇಟ್ಟುಕೊಂಡಿದೆ. ಅಂಗಡಿಯವರಿಗೆ ಫೋನ್ ಮಾಡಿ ಅವರು ತರಿಸಿದ ಸರಕಿನ ವಿವರ ಕೇಳಿದಾಗ ಗೊತ್ತಾಯ್ತು, ನಾನು ತಂದದ್ದು 6 ಪಿಕೋಫ್ಯಾರಡ್‌ನದ್ದು. ಡಬ್ಬಿಯ ಮೇಲೆ ಇದನ್ನು ಬರೆದಿರುವುದಿಲ್ಲ, ಕಣ್ಣಿಗೆ ಎರಡೂ ಒಂದೇ. 6ಕ್ಕೆ ಹೊಂದಿಸಿದ ಕ್ರಿಸ್ಟಲ್ ಮೇಲೆ 12.5ರ ಭಾರ ಬಿದ್ದರೆ ಅದು ಸುಮಾರು 100 ಪಿಪಿಎಂ ನಿಧಾನವಾಗುತ್ತದೆ, ದಿನಕ್ಕೆ ಒಂಬತ್ತು ಸೆಕೆಂಡ್. ತಿರುವು ಮುರುವಾಗಿದ್ದರೆ, ಅಂದರೆ 12.5ರ ಕ್ರಿಸ್ಟಲ್ 6ರ ಚಿಪ್‌ಗೆ ಹೋದರೆ, ಅಷ್ಟೇ ಜೋರು ಓಡುತ್ತದೆ.

ಕೆಲವರು ಇಂಥ ಕಡೆ ಹೊರಗಿನಿಂದ ಒಂದು ಸಣ್ಣ ಕೆಪ್ಯಾಸಿಟರ್ ಹಾಕಿ ಸರಿ ಮಾಡಲು ನೋಡುತ್ತಾರೆ. ಜೋರು ಓಡುವುದಕ್ಕೆ ಅದು ನಡೆಯಬಹುದು. ನಮ್ಮದು ಮೊದಲೇ ನಿಧಾನ, ಇನ್ನೊಂದು ಕೆಪ್ಯಾಸಿಟರ್ ಹಾಕಿದರೆ ಇನ್ನೂ ನಿಧಾನ. ಚಿಪ್ ಒಳಗಿನದನ್ನು ತೆಗೆಯಲು ಬರುವುದಿಲ್ಲ. ಆ ಕ್ರಿಸ್ಟಲ್ ತೆಗೆದು ಹಾಕುವುದೊಂದೇ ದಾರಿ.

ಪ್ರೋಗ್ರಾಮ್‌ನಲ್ಲೇ ತಿದ್ದುವ ದಾರಿಯೂ ಇದೆ, ಅದನ್ನೂ ಯೋಚಿಸಿದೆ. ಹಳೆಯ ಕಟ್ಟಡದ್ದಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ತಪ್ಪು ವರ್ಷಪೂರ್ತಿ ಹೆಚ್ಚು ಕಡಿಮೆ ಒಂದೇ, ಸುಮಾರು 32 ಗಂಟೆಗೊಂದು ಸಲ ಒಂದು ಸೆಕೆಂಡ್ ಕಳೆದರೆ ಸಾಕು. ಆದರೆ ಹೊಸ ಕಟ್ಟಡದ್ದಕ್ಕೆ ಮಾರ್ಚ್ ತಿಂಗಳ 17 ಪಿಪಿಎಂ ನೋಡಿ ತಿದ್ದುಪಡಿ ಬರೆದರೆ, ಮಳೆಗಾಲದಲ್ಲಿ ಮೋಡ ಮುಚ್ಚಿ ಗೋಡೆ ತಣ್ಣಗಾದ ಕೂಡಲೇ ಬಿಸಿಲಿನ ಪಾಲು ಇಲ್ಲವಾಗುತ್ತದೆ, ನಮ್ಮ ತಿದ್ದುಪಡಿಯೇ ಗಡಿಯಾರವನ್ನು ದಿನಕ್ಕೆ ಅರ್ಧ ಸೆಕೆಂಡ್ ಮುಂದಕ್ಕೆ ತಳ್ಳುತ್ತದೆ. ಏಪ್ರಿಲ್, ಮೇನಲ್ಲಿ ಇನ್ನೊಂದು ಕಡೆಗೆ ತಪ್ಪುತ್ತದೆ. ಬದಲಾಗುವ ತಪ್ಪಿಗೆ ಬದಲಾಗದ ಅಂಕಿ ಹಾಕಿ ಪ್ರಯೋಜನ ಇಲ್ಲ.

ಕೊನೆಗೆ ಮಾಡಿದ್ದು ಎರಡು ಕೆಲಸ. ಮೊದಲನೆಯದು ದುಡ್ಡೇ ಬೇಡದ್ದು: ಪೆಟ್ಟಿಗೆಯನ್ನು ಪಶ್ಚಿಮದ ಗೋಡೆಯಿಂದ ತೆಗೆದು ಒಳಗಿನ ಕಾರಿಡಾರಿಗೆ ಹಾಕಿದೆವು. ನಾನು ಜನವರಿಯಲ್ಲೇ ಯೋಚಿಸಬೇಕಾಗಿದ್ದ ಕೆಲಸ ಇದು. ಎರಡನೆಯದು, ಎರಡೂ ಬೋರ್ಡ್‌ಗಳಲ್ಲಿ ಡಿಎಸ್1307 ಬದಲು ಡಿಎಸ್3231 ಹಾಕಿದೆ. ಇದರಲ್ಲಿ ಕ್ರಿಸ್ಟಲ್ ಚಿಪ್‌ನ ಒಳಗೇ ಇದೆ, ಪಕ್ಕದಲ್ಲೇ ಉಷ್ಣತೆ ಅಳೆಯುವ ಭಾಗವೂ ಇದೆ. 64 ಸೆಕೆಂಡಿಗೊಮ್ಮೆ ಉಷ್ಣತೆ ನೋಡಿ, ಆ ಗುಡ್ಡದ ಇಳಿಜಾರಿನಲ್ಲಿ ಎಲ್ಲಿದ್ದೇನೆ ಅಂತ ತಿಳಿದು, ತನ್ನ ಕೆಪ್ಯಾಸಿಟೆನ್ಸ್ ಅನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. 104 ಪಿಪಿಎಂ ಕೆಡಿಸಿದ ಅದೇ ಗುಣ ಇಲ್ಲಿ ತಿದ್ದಲು ಕೆಲಸಕ್ಕೆ ಬರುತ್ತದೆ. 0ಯಿಂದ 40 ಡಿಗ್ರಿವರೆಗೆ ±2 ಪಿಪಿಎಂ, ಅದರಾಚೆ ±3.5 ಅಂತ ಡೇಟಾಶೀಟ್ ಭರವಸೆ.

ಕೊಳ್ಳುವಾಗ ಚಿಪ್ ಮೇಲಿನ ಬರಹವನ್ನು ಭೂತಕನ್ನಡಿ ಹಿಡಿದು ಓದಿ. ಕೊನೆಯಲ್ಲಿ ಎಂ ಅಕ್ಷರ ಇರುವ ಡಿಎಸ್3231ಎಂ ಬೇರೆ ಜಾತಿ, ಅದರಲ್ಲಿ ಕ್ರಿಸ್ಟಲ್ ಇಲ್ಲ, ಮಿತಿಯೂ ±5 ಪಿಪಿಎಂ. ಇನ್ನೊಂದು, ಅಗ್ಗದ ನೀಲಿ ಮಾಡ್ಯೂಲ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ದಾರಿ ಇರುತ್ತದೆ. ಚಾರ್ಜ್ ಆಗದ ಸಾಮಾನ್ಯ ಸಿಆರ್2032 ಸೆಲ್ ಹಾಕುವುದಾದರೆ ಆ ದಾರಿಯ ಡಯೋಡ್ ಅಥವಾ ರೆಸಿಸ್ಟರ್ ಕಿತ್ತು ಹಾಕಬೇಕು, ಇಲ್ಲದಿದ್ದರೆ ಸೆಲ್ ಉಬ್ಬುತ್ತದೆ.

ಹೊಸ ಚಿಪ್‌ಗಳನ್ನೂ ಜಿಪಿಎಸ್ ಎದುರು ಅಳೆದೆ. ಈ ಸಲ ಸಾವಿರ ಸೆಕೆಂಡ್ ಸಾಲದು, ಹತ್ತು ಸಾವಿರ ಬೇಕಾಯ್ತು, ಅಂದರೆ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಒಂದು 12 ಮಿಲಿಸೆಕೆಂಡ್ ಮುಂದೆ ಬಂದಿತ್ತು, ಅಂದರೆ 1.2 ಪಿಪಿಎಂ ಜೋರು. ಇನ್ನೊಂದು 0.6 ನಿಧಾನ. ಇಷ್ಟನ್ನೂ ತಿದ್ದಲು ಈ ಚಿಪ್‌ನಲ್ಲಿ ಒಂದು ಜಾಗ ಇದೆ, ಅಲ್ಲಿ ಒಂದು ಮೆಟ್ಟಿಲಿಗೆ ಸುಮಾರು 0.1 ಪಿಪಿಎಂ. ಧನ ಸಂಖ್ಯೆ ಬರೆದರೆ ನಿಧಾನ, ಋಣ ಸಂಖ್ಯೆ ಬರೆದರೆ ಜೋರು. ಮೊದಲನೆಯದಕ್ಕೆ 12 ಬರೆದೆ:

```
Wire.beginTransmission(0x68);
Wire.write(0x10);
Wire.write(12);
Wire.endTransmission();
```

ಎರಡನೆಯದಕ್ಕೆ -6, ಅಂದರೆ `0xFA`.

ಇಷ್ಟಾದರೂ ಇವು ಎರಡು ಬೇರೆ ಗಡಿಯಾರಗಳೇ. ಅಂತರ ಬೆಳೆಯುವುದು ನಿಧಾನವಾಯ್ತೇ ಹೊರತು ನಿಲ್ಲಲಿಲ್ಲ. ಕ್ರಿಸ್ಟಲ್‌ಗೆ ವಯಸ್ಸಾಗುತ್ತದೆ, ಡಿಎಸ್3231ಗೆ ಮೊದಲ ವರ್ಷದಲ್ಲಿ 1 ಪಿಪಿಎಂ ತನಕ ಸರಿಯಬಹುದು. ಪೂರ್ತಿ ಒಟ್ಟಿಗೇ ಹೊಡೆಯಬೇಕು ಅಂದರೆ ಮೈದಾನ ದಾಟಿಸಿ ವೈರ್ ಎಳೆದು ಒಂದೇ ಗಡಿಯಾರದಿಂದ ಎರಡೂ ಬೆಲ್ ಬಾರಿಸಬೇಕು, ಅಥವಾ ಎರಡಕ್ಕೂ ಜಿಪಿಎಸ್ ಕೊಡಬೇಕು. ಇದನ್ನು ಹೆಡ್‌ಮಾಸ್ಟರ್‌ಗೆ ಬಿಡಿಸಿ ಹೇಳಿದೆ. ಅವರು ಎರಡು ತೀರ್ಮಾನ ಮಾಡಿದರು: ಪ್ರತಿ ತಿಂಗಳ ಮೊದಲ ದಿನ ಅಟೆಂಡರ್ ಅಣ್ಣ ಫೋನ್ ನೋಡಿ ಎರಡೂ ಪೆಟ್ಟಿಗೆಗಳ ತಪ್ಪನ್ನು ಒಂದು ಪುಸ್ತಕದಲ್ಲಿ ಬರೆಯಬೇಕು, 5 ಸೆಕೆಂಡ್ ದಾಟಿದರೆ ಮಾತ್ರ ಸಮಯ ತಿದ್ದಬೇಕು. ಮತ್ತು ಪರೀಕ್ಷೆಯ ದಿನ ಯಾವ ಪೆಟ್ಟಿಗೆಯೂ ಬೇಡ, ಒಬ್ಬರೇ ನಿಂತು ಮಧ್ಯದಲ್ಲಿ ಹಿತ್ತಾಳೆಯ ಜಾಗಟೆ ಬಾರಿಸಬೇಕು. ಎರಡನೆಯ ತೀರ್ಮಾನ ನನಗೆ ಪೂರ್ತಿ ಒಪ್ಪಿಗೆ.

ಮಾರ್ಚ್ 17ಕ್ಕೆ ಎರಡರಲ್ಲೂ ಸಮಯ ಇಟ್ಟು ಬಂದೆ. ಬೇಸಿಗೆ ರಜೆಯಲ್ಲೂ ಪೆಟ್ಟಿಗೆಗಳು ಓಡುತ್ತಲೇ ಇದ್ದವು, ಕಾರಿಡಾರಿನ ಉಷ್ಣತೆ ಎಷ್ಟೋ ದಿನ 40 ಮುಟ್ಟಿತ್ತು. ಮೇ 29ಕ್ಕೆ ಶಾಲೆ ತೆರೆದಾಗ ಮೇಡಂ ಫೋನ್ ಮಾಡಿ ಡೈರಿ ಓದಿದರು. 73 ದಿನಕ್ಕೆ ಹಳೆಯ ಕಟ್ಟಡದ್ದು 1 ಸೆಕೆಂಡ್ ಮುಂದೆ, ಹೊಸದು 2 ಸೆಕೆಂಡ್ ಹಿಂದೆ. ಫ್ರಿಜ್‌ನ ಪ್ರಯೋಗವನ್ನು ಈ ವರ್ಷದ ಹತ್ತನೇ ತರಗತಿಯ ಮಕ್ಕಳ ಕೈಯಲ್ಲೇ ಮಾಡಿಸುತ್ತೇನೆ, ಹಳೆಯ ಬೋರ್ಡ್ ಕೊಡ್ತೀರಾ ಅಂತ ಕೇಳಿದರು. 11 ಪಿಪಿಎಂ ನಿಧಾನದ ಆ ಹಳೆಯ ಕ್ರಿಸ್ಟಲ್ ಅನ್ನು ಡಿಎಸ್1307 ಜೊತೆ ಮತ್ತೆ ಬೋರ್ಡ್‌ಗೆ ಬೆಸೆದು ಬಸ್ಸಿಗೆ ಹಾಕಿ ಕಳಿಸಿದೆ.